ಘಟಕ 4: ಬಹಾಯಿ ಧರ್ಮ ಮತ್ತು ‘ಮನುಷ್ಯರೆಲ್ಲ ಒಂದೇ’ ಎಂಬ ಮಾತು

ದೆಹಲಿಯ ಕಮಲ ಮಂದಿರವನ್ನು ನಿಮ್ಮಲ್ಲಿ ಕೆಲವರು ಪ್ರವಾಸಕ್ಕೆ ಹೋದಾಗ ನೋಡಿರುತ್ತೀರಿ, ಉಳಿದವರು ಫೋಟೊದಲ್ಲಾದರೂ ನೋಡಿರುತ್ತೀರಿ. ಅಮೃತಶಿಲೆ ಹೊದಿಸಿದ 27 ದಳಗಳು, 9 ಬಾಗಿಲುಗಳು. ಫರಿಬೋರ್ಜ್ ಸಹ್ಬಾ ಎಂಬ ಇರಾನಿ ಮೂಲದ ವಾಸ್ತುಶಿಲ್ಪಿಯ ವಿನ್ಯಾಸ, 1986ರಲ್ಲಿ ಬಾಗಿಲು ತೆರೆಯಿತು. ಒಳಗೆ ವಿಗ್ರಹವಿಲ್ಲ, ಪಟವಿಲ್ಲ, ಪ್ರವಚನವಿಲ್ಲ, ಪೂಜಾರಿಯೂ ಇಲ್ಲ. ಸುಮ್ನೆ ಕೂತು ಎದ್ದು ಬರಬೇಕು. ‘ಹಾಗಾದ್ರೆ ಇದು ಯಾವ ದೇವರ ಗುಡಿ?’ ಅಂತ ತಲೆ ಕೆರೆದುಕೊಂಡು, ಹೊರಗೆ ಬಂದು ಚಪ್ಪಲಿ ಹುಡುಕಿಕೊಂಡು ಹೋದವರೇ ಜಾಸ್ತಿ. ಮೊದಲ ಸಲ ಹೋದಾಗ ನಾನೂ ಅಷ್ಟೇ ಮಾಡಿದ್ದು.

ಅದು ಬಹಾಯಿಗಳ ಪ್ರಾರ್ಥನಾ ಮಂದಿರ. ಆ ಧರ್ಮದ ಪೂರ್ತಿ ಪರಿಚಯ ಈ ಘಟಕದಲ್ಲಿ ಸಿಗುವುದಿಲ್ಲ. ಅದರ ನಡುಗಂಬದಂತಿರುವ ಒಂದೇ ಒಂದು ತತ್ವವನ್ನು ಹಿಡಿದುಕೊಂಡು ಹೋಗೋಣ: ಮನುಷ್ಯಕುಲ ಒಂದೇ. ‘ಇದರಲ್ಲಿ ಹೊಸದೇನಿದೆ ಸರ್?’ ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ, ಪ್ರತಿ ವರ್ಷ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಪಂಪನಿಂದ ಕುವೆಂಪುವರೆಗೆ ನಾವು ಕೇಳುತ್ತಲೇ ಬಂದ ಮಾತು ಇದು, ಪರೀಕ್ಷೆಯಲ್ಲಿ ಬರೆದು ಅಂಕ ಕೂಡ ತೆಗೆದುಕೊಂಡಿದ್ದೇವೆ. ಆಮೇಲೆ ಮನೆಗೆ ಹೋಗಿ ಏನು ಮಾಡಿದ್ದೇವೆ ಅನ್ನುವುದು ನಮಗೇ ಗೊತ್ತು. ಹಾಗಾಗಿ ಇಲ್ಲಿ ಮಾತಿಗಿಂತ ಏರ್ಪಾಡನ್ನು ನೋಡೋಣ. ಎಲ್ಲರೂ ಒಂದೇ ಅಂದವರು, ಊಟಕ್ಕೆ ಯಾರನ್ನು ಎಲ್ಲಿ ಕೂರಿಸಿದರು? ಯಾರಿಗೆ ಯಾರೊಂದಿಗೆ ಮದುವೆ ಮಾಡಿಸಿದರು? ಓಟು ಸಮಸಮ ಬಂದರೆ ಯಾರನ್ನು ಗೆಲ್ಲಿಸಿದರು?

ಮಳೆ ಬಂದರೆ ಹೊರಗೆ ಬರಬೇಡ

19ನೇ ಶತಮಾನದ ಇರಾನ್. ಅಲ್ಲಿನ ಶಿಯಾ ಮೌಲ್ವಿಗಳಲ್ಲಿ ಬಹಳ ಮಂದಿ ಯಹೂದಿಗಳನ್ನು, ಕ್ರೈಸ್ತರನ್ನು, ಜರತುಷ್ಟ್ರರ ಅನುಯಾಯಿಗಳನ್ನು ‘ನಜಿಸ್’ ಅನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಮೈಲಿಗೆಯವರು. ಈ ಮೈಲಿಗೆ ಒದ್ದೆಯ ಮೂಲಕ ಹರಡುತ್ತದೆ ಎಂಬ ನಂಬಿಕೆ. ಒಣಗಿದ ಕೈ ತಾಗಿದರೆ ನಡೆದೀತು, ಒದ್ದೆ ಕೈ ತಾಗಿದರೆ ಕೆಟ್ಟಿತು. ಅದಕ್ಕೇ ಹಲವು ಊರುಗಳಲ್ಲಿ ಮಳೆ ಬಂದಾಗ ಯಹೂದಿಗಳು ಬೀದಿಗೆ ಇಳಿಯುವಂತಿರಲಿಲ್ಲ. ಅವರ ಮೈಮೇಲೆ ಬಿದ್ದ ನೀರು ಹರಿದು ಬೇರೆಯವರಿಗೆ ತಾಗಿಬಿಟ್ಟರೆ? ನಮ್ಮ ಕೇರಿಗಳ ಕಥೆ ಗೊತ್ತಿರುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ನೆಲದಲ್ಲಿ 1844ರಲ್ಲಿ ಶಿರಾಜ್ ಊರಿನ ಒಬ್ಬ ಯುವ ವ್ಯಾಪಾರಿ, ತಾನು ದೇವರ ಹೊಸ ಸಂದೇಶ ತಂದವನು ಅಂದ. ತನ್ನನ್ನು ‘ಬಾಬ್’, ಅಂದರೆ ಬಾಗಿಲು, ಎಂದು ಕರೆದುಕೊಂಡ. 1850ರಲ್ಲಿ ತಬ್ರೀಜ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವನ ಅನುಯಾಯಿಗಳಲ್ಲಿ ಒಬ್ಬರು ಮಿರ್ಜಾ ಹುಸೇನ್ ಅಲಿ, ಮಂತ್ರಿ ಮನೆತನದವರು. ಮುಂದೆ ಬಹಾವುಲ್ಲಾ ಎಂದು ಹೆಸರಾಗಿ ಬಹಾಯಿ ಧರ್ಮ ಸ್ಥಾಪಿಸಿದವರು ಇವರೇ. 1852ರಲ್ಲಿ ತೆಹರಾನಿನ ಕತ್ತಲೆ ನೆಲಮಾಳಿಗೆಯ ಜೈಲಿಗೆ ಹಾಕಿದರು, ಮರುವರ್ಷ ಬಾಗ್ದಾದಿಗೆ ಗಡೀಪಾರು. 1863ರಲ್ಲಿ ಅಲ್ಲಿನ ಒಂದು ತೋಟದಲ್ಲಿ, ಬಾಬ್ ಹೇಳಿಹೋದ ಆ ಬರಲಿರುವವನು ತಾನೇ ಎಂದು ಹತ್ತಿರದವರಿಗೆ ಹೇಳಿದರು. ಅಲ್ಲಿಂದ ಇಸ್ತಾಂಬುಲ್, ಎಡಿರ್ನೆ, ಕೊನೆಗೆ 1868ರಲ್ಲಿ ಅಕ್ಕಾ ಎಂಬ ಕೋಟೆಯೂರು. ಆಗ ಅದು ಆಟೊಮನ್ನರ ಕೈಯಲ್ಲಿತ್ತು, ಈಗ ಇಸ್ರೇಲಿನಲ್ಲಿದೆ. ಬಹಾಯಿಗಳ ವಿಶ್ವ ಕೇಂದ್ರ ಇಸ್ರೇಲಿನ ಹೈಫಾ ನಗರದಲ್ಲಿ ಯಾಕಿದೆ ಅಂತ ಕೇಳುವವರಿಗೆ ಇದೇ ಉತ್ತರ: ಸ್ಥಾಪಕರನ್ನು ಕೈದಿಯಾಗಿ ಕಳಿಸಿದ ಜಾಗ ಆ ಊರಿನ ಪಕ್ಕದಲ್ಲೇ ಇದೆ. ಇಸ್ರೇಲ್ ಎಂಬ ದೇಶ ಹುಟ್ಟಿದ್ದೇ 1948ರಲ್ಲಿ, ಇದು ಅದಕ್ಕೂ ಎಷ್ಟೋ ಮೊದಲಿನ ಮಾತು.

ಅಕ್ಕಾದಲ್ಲಿ ಇದ್ದುಕೊಂಡೇ ಅವರು ತಮ್ಮ ಧರ್ಮದ ಕಾನೂನು ಗ್ರಂಥ ಬರೆದರು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದವು ಎರಡು. ಯಾವ ಜನರೂ ಹುಟ್ಟಿನಿಂದ ಮೈಲಿಗೆಯಲ್ಲ, ಆ ‘ನಜಿಸ್’ ಲೆಕ್ಕ ರದ್ದು. ಮನುಷ್ಯರನ್ನು ಕೊಳ್ಳುವುದು ಮಾರುವುದು ನಿಷಿದ್ಧ. ಎಲ್ಲ ಧರ್ಮದವರ ಜೊತೆ ಸ್ನೇಹದಿಂದ ಬೆರೆಯಿರಿ ಎಂದೂ ಹೇಳಿದರು. ಭೂಮಿಯೆಲ್ಲ ಒಂದೇ ದೇಶ, ಮನುಷ್ಯರು ಅದರ ಪ್ರಜೆಗಳು. ನೀವೆಲ್ಲ ಒಂದೇ ಮರದ ಹಣ್ಣುಗಳು, ಒಂದೇ ಕೊಂಬೆಯ ಎಲೆಗಳು, ಈ ಮಾತುಗಳೂ ಅವರವೇ. ಆದರೆ ನನಗೆ ಮರ, ಎಲೆಗಳಿಗಿಂತ ಆ ಮೈಲಿಗೆ ರದ್ದು ಮಾಡಿದ ಸಾಲೇ ದೊಡ್ಡದಾಗಿ ಕಾಣುತ್ತದೆ. ಹಮದಾನಿನ ಯಹೂದಿಗಳು, ಯಜ್ದಿನ ಜರತುಷ್ಟ್ರ ಅನುಯಾಯಿಗಳು ಈ ಧರ್ಮಕ್ಕೆ ಬಂದರು. ಮುಟ್ಟಬಾರದು ಅಂತಿದ್ದ ಮನೆತನಗಳಿಂದ ಬಂದವರ ಪಕ್ಕದಲ್ಲೇ ಕೂತರು.

ಗ್ರೆಗರಿ ಎಲ್ಲಿ?

ಬಹಾವುಲ್ಲಾ 1892ರಲ್ಲಿ ತೀರಿಕೊಂಡ ಮೇಲೆ ಮುಂದಾಳಾದವರು ಮಗ ಅಬ್ದುಲ್ ಬಹಾ. ಬಾಲ್ಯದಿಂದ ಮುಪ್ಪಿನವರೆಗೂ ಗಡೀಪಾರು, ಸೆರೆಯಲ್ಲೇ ಕಳೆದ ಮನುಷ್ಯ. ಬಿಡುಗಡೆಯಾದ ಮೇಲೆ 1912ರಲ್ಲಿ ಅಮೆರಿಕಕ್ಕೆ ಹೋದರು. ಆ ಕಾಲದ ಅಮೆರಿಕ ಅಂದರೆ ಬಿಳಿಯರಿಗೆ ಒಂದು ಹೋಟೆಲ್, ಕರಿಯರಿಗೆ ಬೇರೆ ಹೋಟೆಲ್, ರೈಲಿನ ಡಬ್ಬಿಯೂ ಬೇರೆ. ಏಪ್ರಿಲ್ 23ರಂದು ವಾಷಿಂಗ್ಟನ್‌ನಲ್ಲಿ, ಇರಾನಿನ ರಾಜತಾಂತ್ರಿಕರೊಬ್ಬರ ಮನೆಯಲ್ಲಿ ಅವರಿಗೆ ಮಧ್ಯಾಹ್ನದ ಊಟ. ನಗರದ ದೊಡ್ಡ ಮನುಷ್ಯರೆಲ್ಲ ಬಂದಿದ್ದರು, ಅಂತಸ್ತು ನೋಡಿ ಕುರ್ಚಿ ಹಾಕಿದ್ದರು. ಲೂಯಿ ಗ್ರೆಗರಿ ಎಂಬ ಕಪ್ಪು ವಕೀಲ, ಗುಲಾಮರಾಗಿದ್ದ ತಂದೆ ತಾಯಿಯ ಮಗ, ಆ ಮನೆಗೆ ಬಂದದ್ದು ಅಬ್ದುಲ್ ಬಹಾ ಅವರ ಜೊತೆ ಮಾತಾಡಲು, ಊಟಕ್ಕೆ ಕರೆ ಇರಲಿಲ್ಲ. ಎಲ್ಲರೂ ಕೂತ ಮೇಲೆ ಅಬ್ದುಲ್ ಬಹಾ ಎದ್ದು ನಿಂತು ‘ಗ್ರೆಗರಿ ಎಲ್ಲಿ? ಅವರನ್ನು ಕರೆಯಿರಿ’ ಅಂದರು. ತಟ್ಟೆಗಳನ್ನು ಅತ್ತಿತ್ತ ಸರಿಸಿ, ತಮ್ಮ ಬಲಗಡೆ ಜಾಗ ಮಾಡಿ ಕೂರಿಸಿಕೊಂಡರು. ಆ ಮೇಲೆ ಏನೂ ಆಗಿಲ್ಲವೆಂಬಂತೆ ಮನುಷ್ಯಕುಲದ ಏಕತೆಯ ಬಗ್ಗೆ ಮಾತಾಡಿದರಂತೆ. ಬಹಾಯಿಗಳು ಇವತ್ತಿಗೂ ಈ ಪ್ರಸಂಗ ಹೇಳುತ್ತಾರೆ. ಪಂಕ್ತಿಭೇದ ಅನ್ನುವ ಪದ ಹುಟ್ಟಿದ ನೆಲದಲ್ಲಿ ಕೂತು ಓದುವ ನಮಗೆ ಒಂದು ಕುರ್ಚಿ ಸರಿಸುವುದು ಎಷ್ಟು ಭಾರದ ಕೆಲಸ ಅಂತ ಗೊತ್ತಾಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ವರ್ಷ ಗ್ರೆಗರಿ ಮತ್ತು ಲೂಯಿಸಾ ಮ್ಯಾಥ್ಯೂ ಎಂಬ ಬಿಳಿಯ ಇಂಗ್ಲಿಷ್ ಮಹಿಳೆಯ ಮದುವೆ ನ್ಯೂಯಾರ್ಕಿನಲ್ಲಿ ನಡೆಯಿತು, ಅಬ್ದುಲ್ ಬಹಾ ಅವರ ಒತ್ತಾಸೆಯಿಂದಲೇ. ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಇಂಥ ಮದುವೆ ಅಪರಾಧ. ಗ್ರೆಗರಿ ದಕ್ಷಿಣದ ರಾಜ್ಯಗಳಲ್ಲಿ ಧರ್ಮದ ಕೆಲಸಕ್ಕೆ ತಿರುಗುವಾಗ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಆದರೂ ಆ ದಾಂಪತ್ಯ ಕೊನೆಯವರೆಗೆ ನಡೆಯಿತು.

ಮದುವೆಯ ಬಗ್ಗೆ ಇನ್ನೊಂದು ನಿಯಮ ಹೇಳಿಬಿಡುತ್ತೇನೆ, ಇದನ್ನು ಕೇಳಿದ ಕೂಡಲೇ ಕ್ಲಾಸಿನಲ್ಲಿ ಗುಸುಗುಸು ಶುರುವಾಗುತ್ತದೆ. ಬಹಾಯಿಗಳು ಯಾವ ಜಾತಿ, ಬಣ್ಣ, ಧರ್ಮದವರನ್ನಾದರೂ ಮದುವೆಯಾಗಬಹುದು. ಆದರೆ ಹುಡುಗ ಹುಡುಗಿ ಒಪ್ಪಿದರೆ ಸಾಲದು, ಇಬ್ಬರ ಕಡೆಯ ಬದುಕಿರುವ ತಂದೆ ತಾಯಿಯರೆಲ್ಲ ಒಪ್ಪಬೇಕು. ನಿಮಗೆ ನಲವತ್ತು ವರ್ಷವಾಗಿದ್ದರೂ ಸರಿ. ಕುಟುಂಬಗಳು ಒಂದಾಗಬೇಕು ಅನ್ನುವುದು ಉದ್ದೇಶ. ‘ನಮ್ಮಪ್ಪ ಬೇರೆ ಜಾತಿಗೆ ಒಪ್ಪಲ್ಲ ಅಂದ್ರೆ ಈ ಏಕತೆ ತಗೊಂಡು ಏನ್ ಮಾಡ್ಲಿ ಸರ್?’ ಅಂತ ಕಳೆದ ವರ್ಷ ಒಬ್ಬ ಹುಡುಗಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಓಟು ಸಮವಾದರೆ

ಬಹಾಯಿಗಳಲ್ಲಿ ಪುರೋಹಿತ ವರ್ಗವಿಲ್ಲ. ಪ್ರತಿ ಊರಿನಲ್ಲಿ ಒಂಬತ್ತು ಜನರ ಸಭೆ, ವರ್ಷಕ್ಕೊಮ್ಮೆ ಚುನಾವಣೆ. ಯಾರೂ ನಾಮಪತ್ರ ಹಾಕುವಂತಿಲ್ಲ, ಪ್ರಚಾರ ಮಾಡುವಂತಿಲ್ಲ, ಗುಂಪು ಕಟ್ಟುವಂತಿಲ್ಲ. ತನಗೆ ಸರಿ ಕಂಡ ಒಂಬತ್ತು ಹೆಸರು ಗುಟ್ಟಾಗಿ ಬರೆದು ಹಾಕಬೇಕು, ಅಷ್ಟೇ. ಎಲ್ಲಕ್ಕಿಂತ ಮೇಲಿನ ಸಭೆ ಹೈಫಾದಲ್ಲಿದೆ, ಅದಕ್ಕೆ ಮೊದಲ ಚುನಾವಣೆ ನಡೆದದ್ದು 1963ರಲ್ಲಿ.

ಈಗ ಆ ನಿಯಮ. ಅಬ್ದುಲ್ ಬಹಾ ನಂತರ ಬಂದ ಶೋಘಿ ಎಫೆಂಡಿ ಬರೆದದ್ದು: ಇಬ್ಬರಿಗೆ ಸಮ ಓಟು ಬಂದು, ಅವರಲ್ಲಿ ಒಬ್ಬರು ಆ ಸಮುದಾಯದೊಳಗಿನ ಅಲ್ಪಸಂಖ್ಯಾತ ಗುಂಪಿನವರಾದರೆ ಚೀಟಿ ಎತ್ತಬೇಡಿ, ಮತ್ತೆ ಓಟು ಹಾಕಿಸಬೇಡಿ, ಅವರನ್ನೇ ಆರಿಸಿ. ಇಡೀ ಘಟಕದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಸಂಗತಿ ಇದು. ಎಲ್ಲರೂ ಸಮಾನರು ಅಂತ ಭಾಷಣ ಮಾಡುವವರು, ಹಾಗಾದರೆ ಮೀಸಲಾತಿ ಯಾಕೆ ಅಂತ ಮುಂದಿನ ವಾಕ್ಯದಲ್ಲೇ ಕೇಳುವುದನ್ನು ನೀವು ವಾಟ್ಸಾಪಿನಲ್ಲಿ ದಿನಾ ನೋಡುತ್ತೀರಿ. ಇಲ್ಲಿ ಲೆಕ್ಕ ತಿರುಗುಮುರುಗು. ಒಂದೇ ಕುಲ ಅಂತ ನಿಜವಾಗಿ ನಂಬಿದ್ದಕ್ಕೇ, ಹಿಂದೆ ಉಳಿದವರ ಕಡೆ ತಕ್ಕಡಿ ಸ್ವಲ್ಪ ಬಾಗಿಸಿದ್ದಾರೆ.

ಭಾಷೆಯ ವಿಷಯದಲ್ಲೂ ಹೀಗೇ. ಲೋಕದವರೆಲ್ಲ ಸೇರಿ ಒಂದು ಸಂಪರ್ಕ ಭಾಷೆ ಆರಿಸಿಕೊಳ್ಳಲಿ, ಶಾಲೆಗಳಲ್ಲಿ ಅದನ್ನು ತಾಯ್ನುಡಿಯ ಜೊತೆಗೆ ಕಲಿಸಲಿ ಅನ್ನುತ್ತಾರೆ. ಜೊತೆಗೆ ಅನ್ನುವ ಪದದ ಕೆಳಗೆ ಗೆರೆ ಎಳೆದುಕೊಳ್ಳಿ, ಕನ್ನಡದವರಿಗೆ ಅದರ ಬೆಲೆ ಗೊತ್ತು. ಎಸ್ಪೆರಾಂಟೊ ಭಾಷೆ ಕಟ್ಟಿದ ಜಾಮೆನ್‌ಹಾಫ್ ಅವರ ಮಗಳು ಲಿಡಿಯಾ ಬಹಾಯಿ ಆದದ್ದು ಆಕಸ್ಮಿಕವೇನಲ್ಲ. ಯಹೂದಿ ಮನೆತನದವಳೆಂದು ನಾಜಿಗಳು 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಆಕೆಯನ್ನು ಕೊಂದರು.

ಚುಚ್ಚುವ ಪ್ರಶ್ನೆಗಳು

ಹೊಗಳಿದ್ದು ಸಾಕು. ಹೆಣ್ಣು ಗಂಡು ಒಂದು ಹಕ್ಕಿಯ ಎರಡು ರೆಕ್ಕೆ ಅನ್ನುವ ಈ ಧರ್ಮದಲ್ಲಿ, ಹೈಫಾದ ಆ ಮೇಲಿನ ಸಭೆಗೆ ಗಂಡಸರು ಮಾತ್ರ ಆಯ್ಕೆಯಾಗಬಹುದು. ಇದರ ಹಿಂದಿನ ಬುದ್ಧಿವಂತಿಕೆ ಮುಂದೆ ತಿಳಿಯುತ್ತದೆ ಅಂತ ಅಬ್ದುಲ್ ಬಹಾ ಹೇಳಿದ್ದರು. ಈ ಉತ್ತರ ಎಲ್ಲರಿಗೂ ಸಮಾಧಾನ ತಂದಿಲ್ಲ, ನನಗಂತೂ ಇಲ್ಲ. ಇನ್ನೊಂದು, ಕೃಷ್ಣ, ಬುದ್ಧ, ಮೋಶೆ, ಏಸು, ಮಹಮ್ಮದ್ ಎಲ್ಲರೂ ಒಬ್ಬನೇ ದೇವರ ಕಡೆಯಿಂದ ಕಾಲಕಾಲಕ್ಕೆ ಬಂದವರು, ಈ ಕಾಲಕ್ಕೆ ಬಂದವರು ಬಹಾವುಲ್ಲಾ ಎಂದು ಇವರು ನಂಬುತ್ತಾರೆ. ಎಲ್ಲರಿಗೂ ಜಾಗ ಕೊಟ್ಟ ಹಾಗೇ ಕಾಣುತ್ತದೆ. ಆದರೆ ‘ನಮ್ಮವರನ್ನು ಹಳೇ ಪುಟಕ್ಕೆ ಸೇರಿಸಿದಿರಲ್ಲ’ ಅಂತ ಒಬ್ಬ ಮುಸ್ಲಿಮನೋ ಹಿಂದುವೋ ಕೇಳಿದರೆ ಅದು ಕುತ್ಸಿತ ಪ್ರಶ್ನೆಯಲ್ಲ. ಇರಾನಿನ ಮೌಲ್ವಿಗಳ ಸಿಟ್ಟಿನ ಬೇರೂ ಇಲ್ಲೇ ಇದೆ. ಸಿಟ್ಟಿಗೆ ಕಾರಣ ಇದೆ ಅಂದರೆ ಅವರು ಮಾಡಿದ್ದು ಸರಿ ಅಂತಲ್ಲ. 1979ರ ಕ್ರಾಂತಿಯ ನಂತರ ಅಲ್ಲಿ 200ಕ್ಕೂ ಹೆಚ್ಚು ಬಹಾಯಿಗಳನ್ನು ಕೊಂದರು. 1983ರ ಜೂನ್‌ನಲ್ಲಿ ಶಿರಾಜ್‌ನಲ್ಲಿ ಹತ್ತು ಹೆಂಗಸರನ್ನು ನೇಣಿಗೆ ಹಾಕಿದರು. ಅವರಲ್ಲೊಬ್ಬಳಿಗೆ 17 ವರ್ಷ, ಅವಳ ಮೇಲಿದ್ದ ಆರೋಪಗಳಲ್ಲಿ ಒಂದು ಮಕ್ಕಳಿಗೆ ಧರ್ಮದ ಪಾಠ ಹೇಳಿಕೊಟ್ಟದ್ದು. ಬಹಾಯಿ ಹುಡುಗ ಹುಡುಗಿಯರಿಗೆ ಅಲ್ಲಿ ವಿಶ್ವವಿದ್ಯಾಲಯದ ಬಾಗಿಲು ಇವತ್ತಿಗೂ ಮುಚ್ಚಿದೆ. 1987ರಿಂದ ಅವರು ಮನೆಗಳಲ್ಲೇ ತಮ್ಮದೊಂದು ಕಾಲೇಜು ನಡೆಸುತ್ತಿದ್ದಾರೆ. ಹಾಜರಿ ಕಡಿಮೆ ಇರುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಭಾರತದಲ್ಲಿ ಬಹಾಯಿಗಳು ಎಷ್ಟು? ಬಹಾಯಿಗಳು ಲಕ್ಷಗಳ ಲೆಕ್ಕ ಹೇಳುತ್ತಾರೆ, 2011ರ ಜನಗಣತಿಯಲ್ಲಿ ಸಿಕ್ಕಿದ್ದು ಐದು ಸಾವಿರಕ್ಕಿಂತ ಕಡಿಮೆ. 1960ರ ದಶಕದಲ್ಲಿ ಮಧ್ಯಪ್ರದೇಶದ ಮಾಳವದ ಹಳ್ಳಿಗಳಲ್ಲಿ ಬಹಳ ಜನ ಸೇರಿದರು. ಅವರಲ್ಲಿ ಎಷ್ಟೋ ಮಂದಿ ಊರ ದೇವರನ್ನೂ ಬಿಡಲಿಲ್ಲ, ಹಬ್ಬವನ್ನೂ ಬಿಡಲಿಲ್ಲ. ಗಣತಿಯ ಕಾಗದದಲ್ಲಿ ಒಂದೇ ಧರ್ಮ ಬರೆಯಬೇಕು, ಮನೆಯೊಳಗೆ ಎರಡಿದ್ದರೆ ಏನು ಬರೆಯುವುದು?

ಗುರುವಾರದ ಚಟುವಟಿಕೆ

ನಮ್ಮ ತರಗತಿಯಲ್ಲಿ 46 ಜನ ಇದ್ದೀರಿ. ವಿಭಾಗದ ಸಮಿತಿಗೆ ಐದು ಜನರನ್ನು ಬಹಾಯಿ ಕ್ರಮದಲ್ಲಿ ಆರಿಸೋಣ. ಯಾರೂ ನಿಲ್ಲುವಂತಿಲ್ಲ, ಯಾರ ಪರವಾಗಿಯೂ ಕ್ಯಾಂಟೀನಿನಲ್ಲಿ ಟೀ ಕೊಡಿಸುವಂತಿಲ್ಲ. ಒಂದು ಚೀಟಿ, ಐದು ಹೆಸರು, ಮಡಚಿ ಡಬ್ಬಿಗೆ. ಸಮ ಓಟು ಬಂದರೆ ಶೋಘಿ ಎಫೆಂಡಿಯವರ ನಿಯಮ. ಆದರೆ ಅದಕ್ಕೂ ಮುಂಚೆ ಒಂದು ವಿಷಯ ತೀರ್ಮಾನವಾಗಬೇಕು: ಈ ತರಗತಿಯಲ್ಲಿ ಅಲ್ಪಸಂಖ್ಯಾತರು ಯಾರು? ಧರ್ಮ ನೋಡಬೇಕೋ, ಜಾತಿ ನೋಡಬೇಕೋ, ಬೀದರಿನಿಂದ ಬಂದ ಇಬ್ಬರನ್ನು ನೋಡಬೇಕೋ, ಹಾಸ್ಟೆಲಿನವರನ್ನೋ? ಆ ಪ್ರಶ್ನೆಗೆ ಮೊದಲ ಅರ್ಧ ಗಂಟೆ ಇಟ್ಟಿದ್ದೇನೆ. ಸಾಲುವುದಿಲ್ಲ ಅಂತ ಅನುಮಾನ.