ನಮ್ಮ ಸೌರಮಂಡಲ: ಗ್ರಹಗಳು ಮತ್ತು ಉಪಗ್ರಹಗಳು

ಸ್ಲೈಡ್ 1
7ನೇ ತರಗತಿ ವಿಜ್ಞಾನ ಯೋಜನೆ, ಚಿತ್ರದುರ್ಗ

ಸ್ಲೈಡ್ 2: ಎಂಟು ಗ್ರಹಗಳು
ಬುಧ, ಶುಕ್ರ, ಭೂಮಿ, ಮಂಗಳ: ಕಲ್ಲಿನವು.
ಗುರು, ಶನಿ: ಅನಿಲ ದೈತ್ಯರು. ಯುರೇನಸ್, ನೆಪ್ಚೂನ್: ಹಿಮ ದೈತ್ಯರು.
ಪ್ಲೂಟೊ 2006ರಿಂದ ಕುಬ್ಜ ಗ್ರಹ.

ಸ್ಲೈಡ್ 3: ಅಂಗಳದಲ್ಲಿ ಸೌರಮಂಡಲ
ಅಳತೆ: 1 ಸೆಂ.ಮೀ. = 1 ಲಕ್ಷ ಕಿ.ಮೀ.
ಸೂರ್ಯ: 14 ಸೆಂ.ಮೀ., ದಪ್ಪ ತೆಂಗಿನಕಾಯಿಯಷ್ಟು.
ಭೂಮಿ: ರಾಗಿ ಕಾಳು, 15 ಮೀಟರ್ ದೂರ.
ಚಂದ್ರ: ಆ ರಾಗಿ ಕಾಳಿನಿಂದ ಸುಮಾರು 4 ಸೆಂ.ಮೀ.
ಗುರು: ಗೋಲಿ, 78 ಮೀಟರ್.
ನೆಪ್ಚೂನ್: ಕಾಳುಮೆಣಸು, 450 ಮೀಟರ್. ಶಾಲೆಯ ಗೇಟು ದಾಟಿ ರಸ್ತೆಯಲ್ಲಿ ನಡೆಯಬೇಕು!
ಚಾರ್ಟಿನಲ್ಲಿ ಗ್ರಹಗಳು ಒತ್ತೊತ್ತಾಗಿ ಕಾಣುವುದು ಕಾಗದ ಸಾಲದ್ದರಿಂದ. ಗಾತ್ರ, ದೂರ ಎರಡನ್ನೂ ಒಂದೇ ಅಳತೆಯಲ್ಲಿ ಬರೆದರೆ ಭೂಮಿ ಕಣ್ಣಿಗೇ ಬೀಳುವುದಿಲ್ಲ.

ಸ್ಲೈಡ್ 4: ಅತಿ ಬಿಸಿ ಯಾವುದು?
ಬುಧ ಅಲ್ಲ, ಶುಕ್ರ: ಸುಮಾರು 465 ಡಿಗ್ರಿ ಸೆಲ್ಸಿಯಸ್. ದಟ್ಟ ಕಾರ್ಬನ್ ಡೈಆಕ್ಸೈಡ್ ಶಾಖವನ್ನು ಹೊರಬಿಡುವುದಿಲ್ಲ. ಬುಧನಿಗೆ ಅಂಥ ಹೊದಿಕೆಯೇ ಇಲ್ಲ.

ಸ್ಲೈಡ್ 5: ಉಪಗ್ರಹಗಳು
ಬುಧ, ಶುಕ್ರಕ್ಕೆ ಒಂದೂ ಇಲ್ಲ. ಮಂಗಳಕ್ಕೆ ಫೋಬೋಸ್, ಡೀಮೋಸ್.
ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳನ್ನು ಗೆಲಿಲಿಯೊ 1610ರಲ್ಲಿ ಕಂಡ. ಅವುಗಳಲ್ಲಿ ಗ್ಯಾನಿಮೀಡ್ ಬುಧ ಗ್ರಹಕ್ಕಿಂತ ದೊಡ್ಡದು.
ಶನಿಯ ಟೈಟನ್‌ಗೆ ದಟ್ಟ ವಾತಾವರಣವಿದೆ. ನೆಪ್ಚೂನಿನ ಟ್ರೈಟನ್ ಉಲ್ಟಾ ದಿಕ್ಕಿನಲ್ಲಿ ಸುತ್ತುತ್ತದೆ.

ಸ್ಲೈಡ್ 6: ನಮ್ಮ ಚಂದ್ರ
ಬಿದಿಗೆಯ ಚಂದ್ರ ತೆಳ್ಳಗಿರುವುದು ಭೂಮಿಯ ನೆರಳಿನಿಂದಲ್ಲ. ಬಿಸಿಲು ಬಿದ್ದ ಅರ್ಧಭಾಗದ ಅಂಚಷ್ಟೇ ನಮಗೆ ಕಾಣುತ್ತದೆ. ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ.
ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರಂದು. ಇಳಿಯುವ ಸಂವೇದಕಗಳ ಪರೀಕ್ಷೆಗೆ ಕೃತಕ ಕುಳಿಗಳನ್ನು ತೋಡಿದ್ದು ನಮ್ಮದೇ ಚಳ್ಳಕೆರೆ ತಾಲ್ಲೂಕಿನಲ್ಲಿ.