ಕಟ್ಟಿದ ಕಂತು 39, ಸ್ಟೇಟ್‌ಮೆಂಟಿನಲ್ಲಿ 36: ಬ್ಯಾಂಕಿಗೆ ಒಂದು ಪತ್ರ

ಬೆಟಗೇರಿ, ಗದಗ
ದಿನಾಂಕ: 22-9-2025

ಇವರಿಂದ:
ಈರಣ್ಣ ಮಡಿವಾಳಪ್ಪ ಹೊಸೂರ
ವಿದ್ಯುತ್ ಮಗ್ಗದ ಕಾರ್ಖಾನೆ, ಬೆಟಗೇರಿ

ಇವರಿಗೆ:
ಶಾಖಾ ವ್ಯವಸ್ಥಾಪಕರು
ಬೆಟಗೇರಿ ಶಾಖೆ

ವಿಷಯ: ನನ್ನ ಮಗ್ಗದ ಸಾಲದ (ಖಾತೆಯ ಕೊನೆಯ ಅಂಕಿಗಳು 4172) ಸ್ಟೇಟ್‌ಮೆಂಟಿನಲ್ಲಿ ಮೂರು ಕಂತು ಕಡಿಮೆ ತೋರಿಸಿರುವ ಬಗ್ಗೆ.

ಉಲ್ಲೇಖ: ತಮ್ಮ ಶಾಖೆ ಕೊಟ್ಟ 15-9-2025ರ ಸಾಲದ ಸ್ಟೇಟ್‌ಮೆಂಟ್.

ಮಾನ್ಯರೇ,

2022ರ ಜೂನ್‌ನಲ್ಲಿ ತಮ್ಮ ಶಾಖೆಯಿಂದ ಎರಡು ವಿದ್ಯುತ್ ಮಗ್ಗಕ್ಕಾಗಿ 4,00,000 ರೂಪಾಯಿ ಸಾಲ ಪಡೆದಿದ್ದೇನೆ. ಬಡ್ಡಿ ಶೇ. 11, ಕಂತು 60, ಪ್ರತಿ ಕಂತು 8,697 ರೂಪಾಯಿ. ಪ್ರತಿ ತಿಂಗಳು 5ನೇ ತಾರೀಖಿಗೆ ನನ್ನ ಉಳಿತಾಯ ಖಾತೆಯಿಂದ ಕಂತು ಕಡಿತವಾಗಬೇಕೆಂದು ಬರೆದುಕೊಟ್ಟಿದ್ದೇನೆ. 2022ರ ಜುಲೈ 5ರಿಂದ 2025ರ ಸೆಪ್ಟೆಂಬರ್ 5ರವರೆಗೆ 39 ಕಂತು ತುಂಬಿದ್ದೇನೆ, ಮೊತ್ತ 3,39,183 ರೂಪಾಯಿ. ಜಕಾರ್ಡ್ ಕೊಳ್ಳಲು ಹೊಸ ಸಾಲಕ್ಕೆ ಅರ್ಜಿ ಹಾಕಬೇಕೆಂದು ಈ ತಿಂಗಳು ಸ್ಟೇಟ್‌ಮೆಂಟ್ ತೆಗೆಸಿದಾಗ ಅದರಲ್ಲಿ ಪಾವತಿಯಾದ ಕಂತು 36, ಬಾಕಿ 18,102 ರೂಪಾಯಿ ಎಂದಿದೆ.

ಮೊದಲು ಒಂದು ಮಾತನ್ನು ತಮ್ಮ ಗಮನಕ್ಕೆ ತರುತ್ತೇನೆ, ಯಾಕೆಂದರೆ ಇದಕ್ಕೆ ನನ್ನ ಕಾಗದಪತ್ರ ಒಂದೂ ಬೇಕಾಗಿಲ್ಲ. ತಾವು ಕೊಟ್ಟ ಸ್ಟೇಟ್‌ಮೆಂಟಿನ ಜಮಾ ಕಲಮಿನಲ್ಲೇ 8,697 ರೂಪಾಯಿ 38 ಸಲ ಬಂದಿದೆ. ಕೂಡಿಸಿದರೆ 3,30,486 ರೂಪಾಯಿ ಆಗುತ್ತದೆ. 38 ಸಲ ರೊಕ್ಕ ಜಮಾ ಮಾಡಿಕೊಂಡ ಖಾತೆಯಲ್ಲಿ ಕಂತು 36 ಎಂದು ಹೇಗೆ ಬಂತು? ಆದ್ದರಿಂದ ಇದು ನಾನು ಕಟ್ಟಿದೆ, ತಾವು ಇಲ್ಲ ಅನ್ನುತ್ತೀರಿ ಎಂಬ ವಾದವಷ್ಟೇ ಅಲ್ಲ. ಒಂದು ತಿಂಗಳ ರೊಕ್ಕ ಸಾಲದ ಖಾತೆಗೆ ಮುಟ್ಟಿಲ್ಲ. ಇನ್ನೆರಡು ತಿಂಗಳ ರೊಕ್ಕ ಮುಟ್ಟಿದೆ, ಆದರೆ ಕಂತು ಎಂದು ಎಣಿಕೆಯಾಗಿಲ್ಲ.

ಮುಟ್ಟದೇ ಇರುವುದು 2023ರ ಏಪ್ರಿಲ್ ತಿಂಗಳದ್ದು. ಏಪ್ರಿಲ್ 5ರಂದು ಉಳಿತಾಯ ಖಾತೆಯಿಂದ 8,697 ರೂಪಾಯಿ ಸಾಲದ ಕಂತೆಂದೇ ಕಡಿತವಾಗಿದೆ, ಪಾಸ್‌ಬುಕ್ಕಿನಲ್ಲಿ ತಮ್ಮ ಯಂತ್ರವೇ ಹಾಗೆ ಮುದ್ರಿಸಿದೆ. ಆ ರೊಕ್ಕ ನನಗೆ ವಾಪಸ್ ಬಂದಿಲ್ಲ. ಸಾಲದ ಸ್ಟೇಟ್‌ಮೆಂಟಿನಲ್ಲಿ ಮಾತ್ರ ಮಾರ್ಚ್ ಕಂತಿನ ಕೆಳಗೆ ನೇರವಾಗಿ ಮೇ ಕಂತು ಇದೆ. ಎರಡೂ ಖಾತೆ ಒಂದೇ ಶಾಖೆಯವು. ಒಂದರಿಂದ ಹೊರಟು ಇನ್ನೊಂದಕ್ಕೆ ತಲುಪದ ರೊಕ್ಕ ಶಾಖೆಯ ಸಸ್ಪೆನ್ಸ್ ಖಾತೆಯಲ್ಲಿ ಕುಳಿತಿರಬಹುದು ಅಥವಾ ಬೇರೆಯವರ ಸಾಲಕ್ಕೆ ಜಮಾ ಆಗಿರಬಹುದು. ಆ ದಿನದ ವೋಚರ್ ತೆಗೆಸಿ ನೋಡಬೇಕೆಂದು ಕೋರುತ್ತೇನೆ.

ಎರಡನೆಯದು 2023ರ ನವೆಂಬರ್ ಕಂತು. ಆ ತಿಂಗಳು 5ನೇ ತಾರೀಖು ರವಿವಾರ. ದೀಪಾವಳಿಯ ಮುಂಚೆ ನೂಲಿಗೂ ನೇಕಾರರ ಪಗಾರಕ್ಕೂ ಉಳಿತಾಯ ಖಾತೆಯಿಂದ ರೊಕ್ಕ ತೆಗೆದಿದ್ದರಿಂದ, ಮರುದಿನ ಸೋಮವಾರ ಕೌಂಟರಿನಲ್ಲಿ 8,697 ರೂಪಾಯಿ ನಗದು ತುಂಬಿದೆ. ಚಲನ್‌ನಲ್ಲಿ ‘ನವೆಂಬರ್ ಕಂತು’ ಎಂದು ಬರೆದಿದ್ದೇನೆ, ತಮ್ಮ ಕ್ಯಾಷಿಯರರ ಸಿಕ್ಕಾ ಇದೆ. ಸ್ಟೇಟ್‌ಮೆಂಟಿನಲ್ಲಿ ಈ ರೊಕ್ಕ ಅಸಲಿನ ಮುಂಗಡ ಪಾವತಿ ಎಂದು ಬಿದ್ದಿದೆ. ಅಸಲು ಕಡಿಮೆಯಾಯಿತಲ್ಲ, ನಿಮಗೇನು ನಷ್ಟ ಎಂದು ಕೌಂಟರಿನಲ್ಲಿ ಕೇಳಿದರು. ನಷ್ಟ ಇದೆ. ಅಸಲಿಗೆ ಜಮಾ ಮಾಡಿಕೊಂಡು ಕಂತು ಬಾಕಿ ಎಂದು ಬರೆದರೆ ಆ ಬಾಕಿಗೆ ತಿಂಗಳು ತಿಂಗಳು ದಂಡ ಬೀಳುತ್ತದೆ. ಅವಧಿ ತುಂಬುವ ಮುಂಚೆ ಸಾಲ ಇಳಿಸುವಷ್ಟು ರೊಕ್ಕ ಇದ್ದವನು ಆ ತಿಂಗಳ ಕಂತನ್ನೇ ಬಿಟ್ಟು ಅಸಲು ಕಟ್ಟುತ್ತಾನೆಯೇ?

ಮೂರನೆಯದು ಇದೇ ತಿಂಗಳದ್ದು. ಸೆಪ್ಟೆಂಬರ್ 1ಕ್ಕೆ ತಪಾಸಣಾ ಶುಲ್ಕ 600, ಜಿಎಸ್‌ಟಿ 108, ಒಟ್ಟು 708 ರೂಪಾಯಿ ಹಾಕಿದ್ದೀರಿ. 5ನೇ ತಾರೀಖಿನ 8,697ರಲ್ಲಿ ಮೊದಲು ಈ 708 ಹಿಡಿದುಕೊಂಡು ಉಳಿದ 7,989 ರೂಪಾಯಿ ಮಾತ್ರ ಕಂತಿಗೆ ಹಾಕಿದ್ದರಿಂದ ಕಂತು ‘ಭಾಗಶಃ’ ಆಗಿದೆ. ಯಾರೂ ನಮ್ಮ ಮಗ್ಗ ನೋಡಲು ಬಂದಿಲ್ಲ. ಶುಲ್ಕದ ಬಗ್ಗೆ ಪತ್ರವಾಗಲಿ ಮೆಸೇಜಾಗಲಿ ಬಂದಿಲ್ಲ. ಇದನ್ನು ಹೀಗೇ ಬಿಟ್ಟರೆ ಮುಂದಿನ ಪ್ರತಿ ಕಂತೂ ಹಿಂದಿನ 708ಕ್ಕೆ ಹೋಗಿ ತಾನು 708 ಕಡಿಮೆ ಬೀಳುತ್ತದೆ. ಸಾಲ ತೀರುವವರೆಗೆ ಎಣಿಕೆ ಒಂದು ಹಿಂದೆಯೇ ಇರುತ್ತದೆ.

ಈ ಪತ್ರವನ್ನು ಅವಸರದಿಂದ ಬರೆಯಲು ಕಾರಣವಿದೆ. ತುಂಬಿದ ರೊಕ್ಕ ಮೊದಲು ಹಳೆಯ ಬಾಕಿಗೆ ಹೋಗುವುದರಿಂದ, ತಮ್ಮ ಎಣಿಕೆಯಂತೆ 36 ಕಂತು ಎಂದರೆ ಈ ಜೂನ್‌ವರೆಗೆ ಮಾತ್ರ ಚುಕ್ತಾ. ಜುಲೈ 5ರ ಕಂತಿನಲ್ಲಿ 708 ರೂಪಾಯಿ ಬಾಕಿ, ಆಗಸ್ಟ್ ಮತ್ತು ಸೆಪ್ಟೆಂಬರ್ ಪೂರ್ತಿ ಬಾಕಿ. ಅಕ್ಟೋಬರ್ 3ಕ್ಕೆ ಜುಲೈ ಬಾಕಿಗೆ 90 ದಿನ ತುಂಬುತ್ತದೆ, ಅದು ದಾಟಿದರೆ ಖಾತೆ ಎನ್‌ಪಿಎ ಆಗುತ್ತದೆ. ಒಂದು ಕಂತೂ ತಪ್ಪಿಸದ ಸಾಲ, ನಾನು ಒಪ್ಪದ 708 ರೂಪಾಯಿಗಾಗಿ ಕೆಟ್ಟ ಸಾಲದ ಪಟ್ಟಿಗೆ ಸೇರಬಾರದು. ಅದಕ್ಕಾಗಿ ಇಂದು 708 ರೂಪಾಯಿ ತುಂಬಿ ಚಲನ್ ಲಗತ್ತಿಸಿದ್ದೇನೆ. ಶುಲ್ಕ ಸರಿ ಎಂದು ಒಪ್ಪಿ ತುಂಬಿದ್ದಲ್ಲ, ಖಾತೆ ಉಳಿಯಲಿ ಎಂದು ತುಂಬಿದ್ದು. ಅಕ್ಟೋಬರ್ 5 ರವಿವಾರ ಬರುವುದರಿಂದ ಆ ಕಂತಿನ ರೊಕ್ಕವನ್ನೂ 3ನೇ ತಾರೀಖಿಗೇ ಉಳಿತಾಯ ಖಾತೆಯಲ್ಲಿ ಇಡುತ್ತೇನೆ.

ದಂಡದ ಬಗ್ಗೆಯೂ ಹೇಳಬೇಕು. 2023ರ ಮೇ ತಿಂಗಳಿಂದ ‘ದಂಡ ಬಡ್ಡಿ’ ಎಂದು ಸಾಲದ ಬಾಕಿಗೆ ಸೇರಿಸುತ್ತ ಬಂದು, ಅದರ ಮೇಲೂ ಬಡ್ಡಿ ಹಾಕಿದ್ದೀರಿ. ರಿಸರ್ವ್ ಬ್ಯಾಂಕಿನ 18-8-2023ರ ಸುತ್ತೋಲೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕಬಾರದು, ದಂಡದ ಮೇಲೆ ಮತ್ತೆ ಬಡ್ಡಿ ಹಚ್ಚಬಾರದು ಎನ್ನುತ್ತದೆ. ಹಳೆಯ ಸಾಲಗಳಿಗೂ 30-6-2024ರೊಳಗೆ ಅದು ಜಾರಿಯಾಗಬೇಕಿತ್ತು. ನನ್ನ ಖಾತೆಯಲ್ಲಿ ಆಮೇಲೂ ಹಳೆಯ ಪದ್ಧತಿಯೇ ನಡೆದಿದೆ. ಹಾಗೆ ನೋಡಿದರೆ ಬಾಕಿಯೇ ಇಲ್ಲದ ಮೇಲೆ ದಂಡದ ಪ್ರಶ್ನೆಯೇ ಬರುವುದಿಲ್ಲ.

ಕಳೆದ ವಾರ ಬಾಕಿಯ ನೋಟಿಸು ಜಾಮೀನು ಹಾಕಿದ ನನ್ನ ಸೋದರಮಾವನವರ ಮನೆಗೂ ಹೋಗಿದೆ. ಅವರು ಕೈಮಗ್ಗದ ಕಾಲದಿಂದ ನಮ್ಮ ಓಣಿಯಲ್ಲಿ ಮಾತಿಗೆ ತಪ್ಪದವರು ಎನಿಸಿಕೊಂಡ ಹಿರಿಯರು. ನನ್ನ ಮಾತಿನ ಮೇಲೆ ಸಹಿ ಮಾಡಿದವರು. ರೊಕ್ಕದ ಲೆಕ್ಕ ಇಂದಲ್ಲ ನಾಳೆ ಸರಿಹೋದೀತು, ಅವರ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದು ನನಗೆ ಬಹಳ ನೋವು ತಂದಿದೆ. ನೋಟಿಸು ತಪ್ಪಾಗಿ ಹೋಗಿದೆ ಎಂದು ಅವರಿಗೆ ಶಾಖೆಯಿಂದಲೇ ಒಂದು ಪತ್ರ ಬರಬೇಕು. ಇದನ್ನು ನಾನು ಬಿಡುವವನಲ್ಲ.

ಆದ್ದರಿಂದ 2023ರ ಏಪ್ರಿಲ್ ಕಂತನ್ನು ಹುಡುಕಿಸಿ ಅದೇ ತಾರೀಖಿಗೆ ಜಮಾ ಮಾಡಬೇಕು, ನವೆಂಬರ್‌ ನಗದನ್ನು ಕಂತಿಗೆ ಬದಲಾಯಿಸಬೇಕು, ತಪಾಸಣೆ ನಡೆದ ದಾಖಲೆ ಇಲ್ಲದಿದ್ದರೆ 708 ರೂಪಾಯಿ ಮರಳಿಸಬೇಕು. ಹಾಕಿದ ದಂಡವನ್ನೂ ಅದರ ಮೇಲಿನ ಬಡ್ಡಿಯನ್ನೂ ತೆಗೆದು, 39 ಕಂತು ತೋರಿಸುವ ಹೊಸ ಸ್ಟೇಟ್‌ಮೆಂಟನ್ನು ಸಹಿ, ಸಿಕ್ಕಾ ಹಾಕಿ ಕೊಡಬೇಕು. ಸಿಬಿಲ್‌ನಂಥ ಸಂಸ್ಥೆಗಳಿಗೆ ಬಾಕಿ ಎಂದು ಕಳಿಸಿದ ಮಾಹಿತಿಯನ್ನೂ ತಿದ್ದಿಸಬೇಕು, ಇಲ್ಲವಾದರೆ ಜಕಾರ್ಡ್ ಸಾಲ ನನಗೆ ಎಲ್ಲಿಯೂ ಸಿಗುವುದಿಲ್ಲ. ಯಾವುದಾದರೂ ಬೇಡಿಕೆ ಒಪ್ಪಿಗೆಯಾಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ. ‘ಸಿಸ್ಟಮ್ ಹಾಗೆ ತೋರಿಸುತ್ತದೆ’ ಎಂಬ ಉತ್ತರ ನನಗೆ ಸಾಲದು, ಸಿಸ್ಟಮಿನಲ್ಲಿ ಹಾಗೆ ಯಾಕೆ ಬಂತು ಎಂಬುದೇ ನನ್ನ ಪ್ರಶ್ನೆ.

30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ cms.rbi.org.in ಮೂಲಕ ದೂರು ಕೊಡುತ್ತೇನೆ. ಅಲ್ಲಿಯವರೆಗೆ ಹೋಗದೆ ಇಲ್ಲಿಯೇ ಮುಗಿಯಲಿ ಎಂಬುದು ನನ್ನ ಆಸೆ. ಮೂಲ ಪಾಸ್‌ಬುಕ್ ಮತ್ತು ಚಲನ್ ಹಿಡಿದುಕೊಂಡು ತಾವು ಹೇಳಿದ ದಿನ ಬಂದು ಕೂತು ಲೆಕ್ಕ ತಾಳೆ ನೋಡಲು ಸಿದ್ಧನಿದ್ದೇನೆ.

ಇದರೊಂದಿಗೆ ಪಾಸ್‌ಬುಕ್ ಪುಟಗಳು, 6-11-2023ರ ಮತ್ತು ಇಂದಿನ ಚಲನ್, ಸ್ಟೇಟ್‌ಮೆಂಟ್, ಜಾಮೀನುದಾರರಿಗೆ ಬಂದ ನೋಟಿಸು ಇವುಗಳ ಜೆರಾಕ್ಸ್ ಪ್ರತಿ ಇಟ್ಟಿದ್ದೇನೆ. ಈ ಪತ್ರದ ಎರಡನೇ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿ ಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
(ಸಹಿ)
ಈರಣ್ಣ ಮಡಿವಾಳಪ್ಪ ಹೊಸೂರ