ಟರ್ಮ್ ಲೋನ್ ಕಂತು ಬದಲಿಸಿಕೊಡಲು ಬ್ಯಾಂಕಿಗೆ ಪತ್ರ

ಸಾಕಿನಾಕಾ, ಮುಂಬೈ
2 ಜುಲೈ 2025

ಶಾಖಾ ಮ್ಯಾನೇಜರ್ ಅವರಿಗೆ,
ಘಾಟ್‌ಕೋಪರ್ ಪಶ್ಚಿಮ ಶಾಖೆ

ವಿಷಯ: ಟರ್ಮ್ ಲೋನ್ ಖಾತೆ (ಕೊನೆ ಅಂಕೆಗಳು 4417), ಕಂತು ಬದಲಿಸಿ ಏಳು ತಿಂಗಳು ಅವಧಿ ಹೆಚ್ಚಿಸಲು ಕೋರಿಕೆ

ಮೇಡಂ, ನಮಸ್ಕಾರ.

ಸೋಮವಾರ ಬಂದಾಗ ನೀವೇ ಹೇಳಿದಿರಿ, ಬಾಯಲ್ಲಿ ಹೇಳಿದ್ದು ಫೈಲಿಗೆ ಹೋಗಲ್ಲ, ಕನ್ನಡದಲ್ಲೇ ಆಗಲಿ, ಎಲ್ಲ ಬರೆದು ಕೊಡಿ ಅಂತ. ಅದಕ್ಕೆ ಈ ಪತ್ರ. ಇಂಗ್ಲಿಷ್ ಫಾರ್ಮನ್ನು ನನ್ನ ಮಗಳು ತುಂಬಿದ್ದಾಳೆ, ಜೊತೆಗೆ ಇಟ್ಟಿದ್ದೇನೆ.

ಮೊದಲು ಒಂದು ವಿಷಯ. ಮೇ 5ರ ಕಂತು 38,689 ರೂಪಾಯಿ ಇವತ್ತು ಬೆಳಿಗ್ಗೆ ಕಟ್ಟಿದ್ದೇನೆ. ಮಗಳ ಹೆಸರಿನಲ್ಲಿದ್ದ ಆರ್‌ಡಿ ಮುರಿದು ಕಟ್ಟಿದ ಹಣ ಅದು, ವ್ಯಾಪಾರದ್ದಲ್ಲ. ಪ್ರತಿ ತಿಂಗಳು ಹೀಗೆ ಮಾಡಲು ನನ್ನ ಹತ್ತಿರ ಇನ್ನೊಂದು ಆರ್‌ಡಿ ಇಲ್ಲ. ಈಗ ಬಾಕಿ ಇರುವುದು ಜೂನ್ 5ರ ಕಂತು, ಮೂರು ದಿನ ಬಿಟ್ಟರೆ ಜುಲೈ ಕಂತು.

2023ರ ಮಾರ್ಚ್‌ನಲ್ಲಿ ನಿಮ್ಮ ಶಾಖೆಯಿಂದ 18 ಲಕ್ಷ ತಗೊಂಡಿದ್ದೆ, 60 ತಿಂಗಳಿಗೆ, ಶೇಕಡಾ 10.50 ಬಡ್ಡಿ. ಎರಡು ಟಿಲ್ಟಿಂಗ್ ಗ್ರೈಂಡರ್, ಕೋಲ್ಡ್ ರೂಮ್, ಪ್ಯಾಕಿಂಗ್ ಮಷಿನ್‌ಗೆ. ಈ ಏಪ್ರಿಲ್ ತನಕ 25 ಕಂತು ಒಂದೂ ತಪ್ಪದೆ ಹೋಗಿದೆ, ಸ್ಟೇಟ್‌ಮೆಂಟ್ ತೆಗೆದು ನೋಡಿ. ಇವತ್ತಿನದು 26ನೆಯದು. ನನ್ನ ಲೆಕ್ಕದಲ್ಲಿ ಈಗ ಅಸಲು ಸುಮಾರು 11,33,500 ರೂಪಾಯಿ ಉಳಿದಿದೆ. ಇದರ ಜೊತೆ 3 ಲಕ್ಷದ ಸಿಸಿ ಇದೆ, ಅದರ ಬಡ್ಡಿ ತಿಂಗಳು ತಿಂಗಳು ಹೋಗುತ್ತಿದೆ. ಸಿಸಿ ಹೆಚ್ಚಿಸಿ ಅಂತ ನಾನು ಕೇಳುತ್ತಿಲ್ಲ, ದಯವಿಟ್ಟು ಕಡಿಮೆ ಮಾಡಬೇಡಿ ಅಷ್ಟೇ. ಅಕ್ಕಿ, ಉದ್ದಿನ ಬೇಳೆ ತರುವುದು ಅದರಲ್ಲೇ.

ಇನ್ನು ಏನಾಯಿತು ಅಂತ. ಹಿಟ್ಟು ರುಬ್ಬುವ ನಮ್ಮ ಗಾಲಾ ಇರುವ ಗಲ್ಲಿಯನ್ನು ಜನವರಿ 20ಕ್ಕೆ ಕಾಂಕ್ರೀಟ್ ಹಾಕಲು ಅಗೆದರು. ಎರಡು ತಿಂಗಳು ಅಂದಿದ್ದರು. ಮುಗಿದದ್ದು ಜೂನ್ 9ಕ್ಕೆ. ಅಷ್ಟೂ ದಿನ ಟೆಂಪೊ ಒಳಗೆ ಬರಲಿಲ್ಲ. ಇಡ್ಲಿ ಹಿಟ್ಟಿನ ವ್ಯಾಪಾರದಲ್ಲಿ ಇದರ ಅರ್ಥ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ರಸ್ತೆ ಅಗೆದರೆ ಇಷ್ಟು ನಷ್ಟವಾ ಅನ್ನಿಸಬಹುದು. 20 ಕೆಜಿ ಬಕೆಟ್ಟನ್ನು ಹುಡುಗರು ಹೆಗಲ ಮೇಲೆ ಇಟ್ಟುಕೊಂಡು ಗುಂಡಿಯ ಮೇಲೆ ಹಾಕಿದ ಹಲಗೆ ದಾಟಿ ಮೇನ್ ರೋಡಿಗೆ ಒಯ್ಯಬೇಕಿತ್ತು. ಮೊದಲು ಹತ್ತು ನಿಮಿಷದಲ್ಲಿ ಆಗುತ್ತಿದ್ದ ಲೋಡಿಂಗ್‌ಗೆ ಒಂದೂವರೆ ಗಂಟೆ. ಕೋಲ್ಡ್ ರೂಮಿನಿಂದ ಹೊರಗೆ ಬಂದ ಹಿಟ್ಟು ಏಪ್ರಿಲ್ ಬಿಸಿಲಲ್ಲಿ ರಸ್ತೆ ಬದಿಯಲ್ಲಿ ಒಂದೂವರೆ ಗಂಟೆ ಕೂತರೆ ಸುಮ್ನೆ ಇರುತ್ತಾ? ಉಬ್ಬಿ ಮುಚ್ಚಳ ಎತ್ತುತ್ತದೆ. ಅಂಗಡಿಗೆ ಮುಟ್ಟುವಾಗ ಹುಳಿ. ಬೆಳಿಗ್ಗೆ ಹೋದ ಮಾಲು ಸಂಜೆ ವಾಪಸ್ ಬರುತ್ತಿತ್ತು, ಅದನ್ನು ಮೋರಿಗೆ ಸುರಿಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಂದು ದಿನ ಹಲಗೆ ಜಾರಿ ಹುಡುಗನೊಬ್ಬ ಬಕೆಟ್ ಸಮೇತ ಗುಂಡಿಗೆ ಬಿದ್ದ. ದೇವರ ದಯೆ, ಕಾಲು ಉಳುಕಿದ್ದು ಅಷ್ಟೇ.

ಇದರ ಮೇಲೆ ಮಾರ್ಚ್‌ನಲ್ಲಿ ನಮ್ಮ ದೊಡ್ಡ ಗಿರಾಕಿ, ಮರೋಳದ ಒಂದು ಕ್ಯಾಂಟೀನ್ ಕಂತ್ರಾಟುದಾರರು, ರಿಪೇರಿ ಅಂತ ಅಡಿಗೆಮನೆ ಮುಚ್ಚಿದರು. ದಿನಕ್ಕೆ 120 ಕೆಜಿ ಹೋಗುತ್ತಿತ್ತು ಅಲ್ಲಿಗೆ. ನಮ್ಮ ಒಟ್ಟು ಮಾಲು ದಿನಕ್ಕೆ 400 ಕೆಜಿ ಅಂದರೆ ನೀವೇ ಲೆಕ್ಕ ಹಾಕಿ.

ತಿಂಗಳ ಮಾರಾಟ ಹೀಗಿದೆ, ಜಿಎಸ್‌ಟಿ ರಿಟರ್ನ್ ಜೊತೆ ತಾಳೆ ನೋಡಬಹುದು: ಜನವರಿ 6.4 ಲಕ್ಷ, ಫೆಬ್ರವರಿ 4.9, ಮಾರ್ಚ್ 3.9, ಏಪ್ರಿಲ್ 3.3, ಮೇ 3.1, ಜೂನ್ 4.3. ಅಕ್ಕಿ, ಬೇಳೆ, ಮೆಂತ್ಯ, ಪ್ಯಾಕಿಂಗ್‌ಗೆ ಮಾರಾಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, ನೂರಕ್ಕೆ 52. ಗಾಲಾ ಬಾಡಿಗೆ, ಐದು ಜನರ ಸಂಬಳ, ಕರೆಂಟು, ಡೀಸೆಲ್ ಎಲ್ಲ ಸೇರಿ ತಿಂಗಳಿಗೆ 2 ಲಕ್ಷದ 5 ಸಾವಿರ. ಜನವರಿಯಲ್ಲಿ ಇದೆಲ್ಲ ಕಳೆದು ಒಂದು ಲಕ್ಷ ಉಳಿದಿತ್ತು. ಮೇ ತಿಂಗಳಲ್ಲಿ ಖರ್ಚು ಕಡಿಮೆ ಮಾಡಿದರೂ ಕೈಯಿಂದ 36 ಸಾವಿರ ಹೋಯಿತು.

ನನ್ನದೂ ತಪ್ಪಿದೆ. ಮಾರ್ಚ್‌ನಲ್ಲೇ ನಿಮ್ಮ ಹತ್ತಿರ ಬರಬೇಕಿತ್ತು. ಇವತ್ತು ಮುಗಿಯುತ್ತೆ ನಾಳೆ ಮುಗಿಯುತ್ತೆ ಅಂತ ಕಾದೆ, ಕೈಯಲ್ಲಿದ್ದದ್ದನ್ನೆಲ್ಲ ಹಾಕಿ ಏಪ್ರಿಲ್ ಕಂತು ಕಟ್ಟಿದೆ, ಆಮೇಲೆ ಖಾಲಿ. ಆ ಕ್ಯಾಂಟೀನ್‌ನವರಿಗೆ ಸಾಲ ಕೊಡುತ್ತಾ ಹೋದದ್ದು ಇನ್ನೊಂದು ತಪ್ಪು. ಅವರಿಂದ 1 ಲಕ್ಷದ 10 ಸಾವಿರ ಬರಬೇಕು. ಆಗಸ್ಟ್ ಮತ್ತು ಅಕ್ಟೋಬರ್‌ನಲ್ಲಿ ಅರ್ಧ ಅರ್ಧ ಕೊಡುತ್ತೇವೆ ಅಂತ ಬರೆದು ಕೊಟ್ಟಿದ್ದಾರೆ. ಬಂದದ್ದರಲ್ಲಿ ಅರ್ಧವನ್ನು ನೇರ ಈ ಲೋನಿಗೆ ಹಾಕುತ್ತೇನೆ. ಬರೆದು ಕೊಟ್ಟ ಮಾತ್ರಕ್ಕೆ ಬರುತ್ತೆ ಅಂತ ಇಲ್ಲವಲ್ಲ, ಹಾಗಾಗಿ ಕೆಳಗಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಈಗ ರಸ್ತೆ ಸರಿಯಾಗಿದೆ, ಟೆಂಪೊ ಗಾಲಾ ಬಾಗಿಲಿಗೇ ಬರುತ್ತದೆ. ಡ್ರೈವರ್ ಬಿಟ್ಟು ಹೋದ ಮೇಲೆ ನಾನೇ ಓಡಿಸುತ್ತಿದ್ದೇನೆ. 46 ಅಂಗಡಿಗಳಲ್ಲಿ 19 ಕೈಬಿಟ್ಟಿದ್ದವು, ಅದರಲ್ಲಿ 9 ವಾಪಸ್ ಬಂದಿವೆ, ಇನ್ನುಳಿದವಕ್ಕೆ ಮಧ್ಯಾಹ್ನ ನಾನೇ ಹೋಗಿ ಸ್ಯಾಂಪಲ್ ಕೊಡುತ್ತಿದ್ದೇನೆ. ಹೋಟೆಲ್ ಗಿರಾಕಿಗಳು ಏಳೂ ಜನ ನಮ್ಮ ಜೊತೆಗೇ ಇದ್ದರು. ಕ್ಯಾಂಟೀನ್ ಆಗಸ್ಟ್ ಮಧ್ಯದಲ್ಲಿ ಶುರು, ಈ ಸಲ ಹದಿನೈದು ದಿನಕ್ಕೊಮ್ಮೆ ದುಡ್ಡು ಅನ್ನುವ ಷರತ್ತಿನ ಮೇಲೆ. ಈ ತಿಂಗಳ ಕೊನೆಗೆ ಶ್ರಾವಣ ಹಿಡಿಯುತ್ತದೆ, ಇಲ್ಲಿ ಮೀನು ಮಾಂಸ ಬಿಡುವವರು ಜಾಸ್ತಿ, ನಮಗೆ ಒಳ್ಳೆ ಕಾಲ. ಆದರೆ ಹಬ್ಬದ ವ್ಯಾಪಾರ ನಂಬಿ ಕಂತು ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ಸೆಪ್ಟೆಂಬರ್ ತನಕ 4.3 ಲಕ್ಷದ ಆಸುಪಾಸು, ಅಕ್ಟೋಬರ್‌ನಿಂದ 5.3, ಮುಂದಿನ ಏಪ್ರಿಲ್‌ಗೆ 6.2 ಅಂತ ಹಿಡಿದಿದ್ದೇನೆ. ಜನವರಿಯಲ್ಲಿ ಇದ್ದದ್ದಕ್ಕಿಂತ ಕಡಿಮೆಯೇ ಇದು.

ಅದರ ಮೇಲೆ ನನ್ನ ಹೊಸ ಕಂತಿನ ಲೆಕ್ಕ:

ಜೂನ್‌ನಿಂದ ಸೆಪ್ಟೆಂಬರ್ 2025, ನಾಲ್ಕು ತಿಂಗಳು: ಬಡ್ಡಿ ಮಾತ್ರ, ತಿಂಗಳಿಗೆ ಸುಮಾರು 9,920 ರೂ. ಜೂನ್, ಜುಲೈ ಎರಡರದ್ದೂ ಸೇರಿಸಿ 19,840 ರೂ. ಜುಲೈ 20ರೊಳಗೆ.
ಅಕ್ಟೋಬರ್ 2025ರಿಂದ ಮಾರ್ಚ್ 2026, ಆರು ತಿಂಗಳು: ತಿಂಗಳಿಗೆ 25,000 ರೂ.
ಏಪ್ರಿಲ್ 2026ರಿಂದ: ಹಳೆಯ ಕಂತೇ, 38,689 ರೂ. ಒಟ್ಟು 31 ಕಂತು, ಕೊನೆಯದು ಅಕ್ಟೋಬರ್ 2028ರಲ್ಲಿ, ಸುಮಾರು 31,560 ರೂ.

ಮೊದಲು 2028ರ ಮಾರ್ಚ್‌ಗೆ ಮುಗಿಯಬೇಕಿದ್ದ ಸಾಲ ಅಕ್ಟೋಬರ್‌ಗೆ ಮುಗಿಯುತ್ತದೆ. ಇದರಿಂದ ನನಗೆ ಸುಮಾರು 66 ಸಾವಿರ ಬಡ್ಡಿ ಜಾಸ್ತಿ ಬೀಳುತ್ತದೆ, ಗೊತ್ತಿದೆ, ಒಪ್ಪಿಗೆ ಇದೆ. ಅಸಲಿನಲ್ಲೋ ಬಡ್ಡಿಯಲ್ಲೋ ಒಂದು ರೂಪಾಯಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಮಾರಾಟ ಎರಡು ತಿಂಗಳು ಸತತ 6 ಲಕ್ಷ ದಾಟಿದರೆ ಏಪ್ರಿಲ್‌ಗೆ ಕಾಯದೆ ಪೂರ್ತಿ ಕಂತು ಶುರು ಮಾಡುತ್ತೇನೆ.

ಈ ಲೆಕ್ಕ 10.50ರ ಮೇಲೆ ಹಾಕಿದ್ದು. ನನ್ನ ಲೋನ್ ರೆಪೋಗೆ ಜೋಡಿಸಿದ್ದು ಅಂತ ಸ್ಯಾಂಕ್ಷನ್ ಲೆಟರ್‌ನಲ್ಲಿದೆ. ಈ ವರ್ಷ ಫೆಬ್ರವರಿ, ಏಪ್ರಿಲ್, ಜೂನ್‌ನಲ್ಲಿ ರೆಪೋ 6.50ರಿಂದ 5.50ಕ್ಕೆ ಇಳಿದಿದೆ, ಮೂರು ತಿಂಗಳಿಗೊಮ್ಮೆಯಾದರೂ ರೀಸೆಟ್ ಆಗಬೇಕು ಅಲ್ವಾ? ನನ್ನ ಸ್ಟೇಟ್‌ಮೆಂಟ್‌ನಲ್ಲಿ ಇನ್ನೂ ಹಳೆಯ ದರವೇ ಕಾಣುತ್ತಿದೆ. ಒಮ್ಮೆ ನೋಡಿಸಿ.

ತುಂಬಾ ಅರ್ಜೆಂಟ್ ಇರುವುದು ಜುಲೈ 5. ಅವತ್ತು ಎನ್‌ಎಸಿಎಚ್‌ನಲ್ಲಿ 38,689 ಕೇಳುತ್ತದೆ, ಖಾತೆಯಲ್ಲಿ ಅಷ್ಟು ಇರುವುದಿಲ್ಲ, ಮತ್ತೆ ಬೌನ್ಸ್, ಮತ್ತೆ ಚಾರ್ಜು. ತೀರ್ಮಾನ ಆಗುವ ತನಕ ಅದನ್ನು ತಡೆಹಿಡಿಯಿರಿ. ಕಂತು ಬದಲಾದರೆ ಹೊಸ ಮ್ಯಾಂಡೇಟ್‌ಗೆ ಯಾವತ್ತು ಕರೆದರೂ ಬಂದು ಸಹಿ ಹಾಕುತ್ತೇನೆ.

ಸಣ್ಣ ಉದ್ಯಮಗಳಿಗೆ ರಿಸರ್ವ್ ಬ್ಯಾಂಕಿನ 2016ರ ಪುನಶ್ಚೇತನ ನಿಯಮ ಇದೆಯಲ್ಲ, 25 ಕೋಟಿ ಒಳಗಿನವರಿಗೆ, ಅದರ ಪ್ರಕಾರ ನಾನಾಗಿಯೇ ಅರ್ಜಿ ಹಾಕಿದ್ದೇನೆ ಅಂತ ಇದನ್ನು ದಾಖಲು ಮಾಡಿಕೊಳ್ಳಿ. ಉದ್ಯಮ್ ಸರ್ಟಿಫಿಕೇಟ್ ಇಟ್ಟಿದ್ದೇನೆ. ನನ್ನದು 10 ಲಕ್ಷ ದಾಟಿದ್ದರಿಂದ ಕಮಿಟಿಗೆ ಹೋಗಬೇಕು ಅಂತ ನನ್ನ ಅಕೌಂಟೆಂಟ್ ಹೇಳಿದರು. ಜೂನ್ ಕಂತಿನ 90 ದಿನ ಸೆಪ್ಟೆಂಬರ್ 3ಕ್ಕೆ ತುಂಬುತ್ತದೆ. ಅದಕ್ಕೆ ಮೊದಲು ಒಂದು ಉತ್ತರ ಬೇಕು, ಆಗಲ್ಲ ಅನ್ನುವುದಾದರೂ ಸರಿ. ರೀಸ್ಟ್ರಕ್ಚರ್ ಅಂದರೆ ಖಾತೆ ಸ್ಟಾಂಡರ್ಡ್‌ನಿಂದ ಕೆಳಗೆ ಬೀಳುತ್ತದಾ, ಸಿಬಿಲ್‌ಗೆ ಏನಂತ ಹೋಗುತ್ತದೆ, ಇದನ್ನು ಸಹಿಗೆ ಮೊದಲು ಬರೆದು ತಿಳಿಸಿ. ಹಾಗೆ ಬೀಳದೆ ಸರಿಪಡಿಸುವ ಬೇರೆ ದಾರಿ ಆ ನಿಯಮದಲ್ಲೇ ಇದ್ದರೆ ಮೊದಲು ಅದನ್ನು ನೋಡೋಣ.

ಹೊಸದಾಗಿ ಅಡ ಇಡಲು ನನ್ನ ಹತ್ತಿರ ಏನೂ ಇಲ್ಲ. ಮನೆ ಬಾಡಿಗೆಯದು, ಊರಿನ ಜಾಗ ಅಣ್ಣತಮ್ಮಂದಿರ ಹೆಸರಲ್ಲಿ ಕೂಡಿಯೇ ಇದೆ. ಪ್ರತಿ ತಿಂಗಳು 7ರೊಳಗೆ ಮಾರಾಟದ ಲೆಕ್ಕ, ಸ್ಟಾಕ್ ಸ್ಟೇಟ್‌ಮೆಂಟ್ ಕಳಿಸುತ್ತೇನೆ.

ಇನ್ನೊಂದು. ಜೂನ್‌ನಲ್ಲಿ ಎರಡು ಸಲ ರಾತ್ರಿ ಒಂಬತ್ತರ ಮೇಲೆ ಕಾರ್ಕಳದಲ್ಲಿರುವ ನನ್ನ ಭಾವನಿಗೆ ರಿಕವರಿಯವರು ಫೋನ್ ಮಾಡಿದ್ದಾರೆ. ಜಾಮೀನು ಹಾಕಿದವರು ಹೌದು, ಕೇಳುವ ಹಕ್ಕು ನಿಮಗಿದೆ. ಆದರೆ ಸಂಜೆ ಏಳರ ಮೇಲೆ ಹಾಗೆ ಮಾಡಬಾರದು ಅಂತ ನಿಯಮ ಇದೆ, ಮತ್ತೆ ನಾನು ಊರು ಬಿಟ್ಟು ಓಡಿಲ್ಲ. ನನಗೇ ಮಾಡಲಿ, ಎತ್ತುತ್ತೇನೆ.

ಗಾಲಾ ನೋಡಲು ನಿಮ್ಮವರು ಬರುವುದಾದರೆ ಬೆಳಿಗ್ಗೆ ಆರರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಕಳಿಸಿ. ಬೆಳಿಗ್ಗೆ ಲೋಡಿಂಗ್, ಸಂಜೆ ರುಬ್ಬುವುದು ನಡೆಯುತ್ತಿರುತ್ತದೆ, ಎರಡೂ ಗ್ರೈಂಡರ್ ಓಡುವುದನ್ನು ಕಣ್ಣಾರೆ ನೋಡಬಹುದು. ನಡುವೆ ಬಂದರೆ ತೊಳೆದಿಟ್ಟ ಬಕೆಟ್ ಮಾತ್ರ ಕಾಣುತ್ತವೆ, ನಾನೂ ಟೆಂಪೊದಲ್ಲಿ ಇರುತ್ತೇನೆ.

ಇಂತಿ,
ಸದಾನಂದ
(ಸಾಲಗಾರ, ಇಡ್ಲಿ ದೋಸೆ ಹಿಟ್ಟಿನ ಯೂನಿಟ್, ಸಾಕಿನಾಕಾ)

ಜೊತೆಗಿರುವುದು: ಇಂಗ್ಲಿಷ್ ಅರ್ಜಿ, ಆರು ತಿಂಗಳ ಜಿಎಸ್‌ಟಿ ರಿಟರ್ನ್, ಉದ್ಯಮ್ ಸರ್ಟಿಫಿಕೇಟ್, ಕ್ಯಾಂಟೀನ್‌ನವರ ಪತ್ರ, ಇವತ್ತಿನ ಕಂತಿನ ರಸೀದಿ, ಅಗೆದ ಗಲ್ಲಿಯ ನಾಲ್ಕು ಫೋಟೊ, ಈಗಿನದು ಒಂದು.